ಉದ್ರಿ ಪುಸ್ತಕದಲ್ಲಿ ಇಲ್ಲದ ಬಾಕಿ

ಸಾಲವನ್ನು ಮಾಡುತ್ತೇವೆ, ಕೊಡುತ್ತೇವೆ, ಎತ್ತುತ್ತೇವೆ, ತೀರಿಸುತ್ತೇವೆ. ಋಣದ ಜೊತೆ ಕನ್ನಡಿಗರ ವ್ಯವಹಾರ ಹೀಗಿಲ್ಲ. ಬ್ಯಾಂಕಿಗೆ ಹೋಗಿ ಋಣ ಮಾಡಿ ಬಂದೆ ಎಂದು ಯಾರೂ ಹೇಳುವುದಿಲ್ಲ. ಋಣ ಇರುತ್ತದೆ. ಯಾರದೋ ಋಣಕ್ಕೆ ಬೀಳುತ್ತೇವೆ. ಒಂದು ದಿನ ಅದು ಹರಿದುಹೋಗುತ್ತದೆ, ಇಲ್ಲವೇ ಮುಗಿಯುತ್ತದೆ. ತೀರಿಸುವ ಮಾತು ಬಂದಾಗಲೂ ಹೆಚ್ಚಾಗಿ "ನಿಮ್ಮ ಋಣ ತೀರಿಸಲಾರೆ" ಎಂದೇ ಬರುತ್ತದೆ. ಚಾರ್ವಾಕರ ಹೆಸರಿನಲ್ಲಿ ಓಡಾಡುವ ಸಂಸ್ಕೃತದ ಮಾತಿನಲ್ಲಿ ಋಣ ಮಾಡಿ ತುಪ್ಪ ಕುಡಿಯಲು ಹೇಳಿದೆ. ಅದೇ ಮಾತು ಕನ್ನಡದ ಬಾಯಿಗೆ ಬಂದಾಗ "ಸಾಲ ಮಾಡಿಯಾದರೂ ತುಪ್ಪ ತಿನ್ನು" ಎಂದಾಯಿತು. ತುಪ್ಪಕ್ಕೆ ಋಣವನ್ನು ಖರ್ಚು ಮಾಡಲು ನಮ್ಮ ಜನಕ್ಕೆ ಮನಸ್ಸು ಬರಲಿಲ್ಲ ಎಂದೇ ನಾನು ತಿಳಿದಿದ್ದೇನೆ.

ಈ ವ್ಯತ್ಯಾಸವನ್ನು ಹೀಗೆ ಹಿಡಿದು ನೋಡುವಂತೆ ಮಾಡಿದವರು ಧಾರವಾಡದ ಒಬ್ಬ ಕಿರಾಣಿ ಅಂಗಡಿಯವರು. ಅವರದು ಇಪ್ಪತ್ತೆಂಟು ವರ್ಷ ನಡೆದ ಅಂಗಡಿ. ಗಂಡ ಗಲ್ಲಾದಲ್ಲಿ, ಹೆಂಡತಿ ತೂಕದ ಹತ್ತಿರ, ಜೊತೆಗೆ ಕೆಲಸಕ್ಕೆ ಒಬ್ಬ ಹುಡುಗ. ವ್ಯಾಪಾರ ಕೈಕೊಟ್ಟಿರಲಿಲ್ಲ. ಮೊಣಕಾಲು ಕೈಕೊಟ್ಟಿತ್ತು, ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. ದೀಪಾವಳಿಗೆ ನಿಲ್ಲಿಸುವುದೆಂದು ಗಂಡಹೆಂಡತಿ ಕೂತು ತೀರ್ಮಾನಿಸಿದ್ದರು. ಬಾಗಿಲ ಮೇಲೆ ತೂಗುಹಾಕಲು ಒಂದು ಬರಹ ಬೇಕಿತ್ತು.

"ಸರ, ಬೋರ್ಡಿಗೆ ಒಂದು ಸಾಲು ಬರದು ಕೊಡ್ರಿ. ಸಾಲ ಏನೂ ಉಳಿಸಿಕೊಂಡಿಲ್ಲ. ಋಣ ಭಾಳ ಐತಿ. ಅದನ್ನ ಹೆಂಗ ಬರೀಬೇಕು ತಿಳೀವಲ್ದು" ಅಂದರು.

ಬೇಕಾದದ್ದನ್ನೆಲ್ಲ ಅವರೇ ಹೇಳಿಬಿಟ್ಟಿದ್ದರು. ಅಂಗಡಿ ನಿಲ್ಲಿಸುವವರು ತಲೆ ಎತ್ತಿ ನಿಲ್ಲಲು ಸಾಲ ತೀರಿರಬೇಕು, ಕೈ ಮುಗಿಯಲು ಋಣ ಉಳಿದಿರಬೇಕು. ಆದರೂ ಬರೆಯಲು ಕೂತಾಗ ಕೈಗೆ ಮೊದಲು ಬರುವುದು ಸವೆದ ಮಾತುಗಳೇ. "ಕಾರಣಾಂತರಗಳಿಂದ ಅಂಗಡಿಯನ್ನು ಮುಚ್ಚಲಾಗಿದೆ" ಎಂಬುದನ್ನು ಎಷ್ಟು ಬಾಗಿಲುಗಳ ಮೇಲೆ ನೋಡಿಲ್ಲ! ಮುಚ್ಚಿದವರು ಯಾರೆಂದು ಆ ವಾಕ್ಯದಲ್ಲಿ ಇಲ್ಲ. ಪಾಲಿಕೆಯವರು ಬಂದು ಸೀಲು ಹಾಕಿದ್ದರೂ ಅದೇ ವಾಕ್ಯ, ಬಾಡಿಗೆ ಕಟ್ಟದೆ ಓಡಿಹೋಗಿದ್ದರೂ ಅದೇ ವಾಕ್ಯ. "ಭಾರವಾದ ಮನಸ್ಸಿನಿಂದ" ಎಂದು ಶುರು ಮಾಡಿದರೆ ಗಿರಾಕಿಗಳು ಮಾತಾಡಿಸಲು ಬರುತ್ತಾರೆ, ಆದರೆ ಸಾವಿನ ಮನೆಗೆ ಬಂದವರ ಮುಖದಲ್ಲಿ. ಇನ್ನು ಕೆಲವರು ಮಾಲ್‌ಗಳನ್ನೂ ಮೊಬೈಲಿನಲ್ಲೇ ತರಿಸಿಕೊಳ್ಳುವವರನ್ನೂ ದೂರಿ ಬರೆಯುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ದೂರನ್ನು ಓದುವವರು ಕೊನೆಯವರೆಗೂ ಅಂಗಡಿಗೆ ಬಂದವರೇ. ಬಿಟ್ಟುಹೋದವರು ಆ ಬಾಗಿಲ ಮುಂದೆ ಹಾಯುವುದೇ ಇಲ್ಲ.

ಕ್ರಿಯಾಪದದ ಆಯ್ಕೆಯೂ ಸುಲಭವಲ್ಲ. "ಅಂಗಡಿ ಎತ್ತಿದರು" ಎಂದರೆ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು ಎಂಬ ಧ್ವನಿ ಇದೆ. "ಬಾಗಿಲು ಹಾಕಿದರು" ಎಂಬುದು ದಿನಾ ರಾತ್ರಿಯ ಮಾತು, ನಾಳೆ ತೆಗೆಯುತ್ತಾರೆ ಎಂಬ ಭರವಸೆ ಅದರೊಳಗೇ ಇದೆ. "ನಿಲ್ಲಿಸುತ್ತೇವೆ" ಎಂಬುದು ಒಪ್ಪಿತು. ನಡೆಸಿದವರು ನಾವು, ನಿಲ್ಲಿಸುವವರೂ ನಾವೇ ಎಂದು ಅದು ನೇರವಾಗಿ ಹೇಳುತ್ತದೆ.

ಉಳಿದದ್ದು ಋಣ. ಅದಕ್ಕೆ ಸಿದ್ಧವಾಗಿ ಸಿಗುವ ಮಾತು "ಚಿರಋಣಿ". ಪುಸ್ತಕದ ಅರಿಕೆ, ಆಹ್ವಾನ ಪತ್ರಿಕೆ, ಶ್ರದ್ಧಾಂಜಲಿಯ ಜಾಹೀರಾತು ಎಲ್ಲ ಕಡೆಯೂ ಅದು ಎಷ್ಟು ಬಳಕೆಯಾಗಿದೆ ಎಂದರೆ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಋಣವೆಂಬ ಮಾತಿನ ಆಯುಸ್ಸು ಮಾತ್ರ ಬಹಳ ದೊಡ್ಡದು. ಬ್ರಾಹ್ಮಣ ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆ ಎಂಬ ಮಾತು ತೈತ್ತಿರೀಯ ಸಂಹಿತೆಯಲ್ಲಿ ಬರುತ್ತದೆ. 628ರಲ್ಲಿ ಬ್ರಹ್ಮಗುಪ್ತ ಲೆಕ್ಕಕ್ಕೆ ನಿಯಮ ಬರೆಯುವಾಗ ಇರುವುದನ್ನು ಧನವೆಂದೂ ಕೊಡಬೇಕಾದದ್ದನ್ನು ಋಣವೆಂದೂ ಕರೆದ. ನಮ್ಮ ಶಾಲೆಯ ಮಕ್ಕಳು ಇವತ್ತಿಗೂ ಸೊನ್ನೆಗಿಂತ ಕೆಳಗಿನದನ್ನು ಋಣ ಸಂಖ್ಯೆ ಎನ್ನುತ್ತಾರೆ. ಸೈಟು ಕೊಳ್ಳುವವರು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸುತ್ತಾರೆ. ಕಾಗದಪತ್ರದಲ್ಲಿ, ಗಣಿತದಲ್ಲಿ ಋಣವೆಂದರೆ ಕಳೆಯಬೇಕಾದದ್ದು, ಹೊರೆ.

ಮನೆಮಾತಿನಲ್ಲಿ ಅದು ಹೊರೆಯಲ್ಲ. ಹಳಗನ್ನಡದವರು ಜೋಳವಾಳಿ ಎನ್ನುತ್ತಿದ್ದರು. ಯಾರ ಜೋಳ ಉಂಡೆವೋ ಅವರಿಗಾಗಿ ನಿಲ್ಲುವ ನಿಷ್ಠೆ ಅದು. ಒಡೆಯನ ಜೋಳ ಹೋಗಿ ಅನ್ನ ಬಂತು, ಉಪ್ಪು ಬಂತು, ಅನ್ನದ ಋಣ, ಉಪ್ಪಿನ ಋಣ ಎಂದಾಯಿತು. ಅಂಗಡಿಯವರ ಬಾಯಲ್ಲಿ ಈ ಮಾತು ಮತ್ತೂ ಸ್ವಾರಸ್ಯದ್ದು, ಏಕೆಂದರೆ ಇಲ್ಲಿ ಜೋಳ ಅಳೆದುಕೊಟ್ಟವರೇ ತಮ್ಮನ್ನು ಋಣಿ ಎಂದುಕೊಳ್ಳುತ್ತಾರೆ. ಕೊಟ್ಟದ್ದಕ್ಕೆ ದುಡ್ಡು ಬಂದಿದೆ, ಲೆಕ್ಕ ಅಲ್ಲಿಗೆ ಚುಕ್ತಾ. ಆದರೆ ನಾಲ್ಕು ಅಂಗಡಿ ದಾಟಿ ಇಲ್ಲಿಗೇ ಬಂದದ್ದಕ್ಕೆ ಯಾವ ಪುಸ್ತಕದಲ್ಲೂ ಕಲಮು ಇಲ್ಲ.

ಪುಸ್ತಕದಲ್ಲಿ ಇದ್ದದ್ದನ್ನು ಅವರು ಹೇಗೆ ಮುಗಿಸಿದರು ಎಂಬುದನ್ನು ಹೇಳಬೇಕು. ಅದಿಲ್ಲದೆ ಬೋರ್ಡಿನ ಮೇಲಿನ ಮಾತಿಗೆ ಬೆಲೆಯಿಲ್ಲ. ಗಣಪತಿ ಹಬ್ಬ ಮುಗಿದ ಮೇಲೆ ಹೊಸ ಮಾಲು ತರಿಸುವುದನ್ನು ಕಡಿಮೆ ಮಾಡಿದರು. ಬಿಸ್ಕೀಟು, ಸಾಬೂನು, ಟೂತ್‌ಪೇಸ್ಟಿನಂಥ ಕಂಪನಿ ಮಾಲನ್ನು, ಅವಧಿ ಇನ್ನೂ ಇರುವಾಗಲೇ, ಏಜೆಂಟರಿಗೆ ತಿರುಗಿಸಿ ಕೊಟ್ಟರು. ಅವಧಿ ಮೀರಿದ ಮೇಲೆ ಹೋದರೆ ಏಜೆಂಟರು ಮುಖ ತಿರುಗಿಸುತ್ತಾರೆ. ಬೇಳೆಕಾಳು, ಬೆಲ್ಲ, ರವೆಗಳನ್ನು ತಂದ ಬೆಲೆಗೇ ಮಾರಿದರು. ಇಂಥ ಹೊತ್ತಿನಲ್ಲಿ ಅನೇಕರು ದಾರಿ ತಪ್ಪುತ್ತಾರೆ. ಮಾಲು ಖಾಲಿಯಾಗುತ್ತಾ ಗಲ್ಲಾ ತುಂಬುತ್ತದೆ. ತುಂಬಿದ ಗಲ್ಲಾ ಲಾಭದಂತೆ ಕಾಣುತ್ತದೆ. ಅದರಲ್ಲಿ ಸಗಟು ವ್ಯಾಪಾರಿಗೆ ಕೊಡಬೇಕಾದ ಹಣವೂ ಸೇರಿದೆ ಎಂಬುದನ್ನು ಮರೆತರೆ ಕೊನೆಯ ತಿಂಗಳು ಕೈಸಾಲ ಹುಡುಕಬೇಕಾಗುತ್ತದೆ. ಇವರು ಎಣ್ಣೆ, ಸಕ್ಕರೆ ಕೊಟ್ಟ ಸಗಟಿನವರ ಬಾಕಿಯನ್ನು ಮೊದಲು ಮುಗಿಸಿ, ಚುಕ್ತಾ ಎಂದು ಅವರ ಸಹಿ ಹಾಕಿಸಿಕೊಂಡು ಬಂದರು. ಆಮೇಲೆ ಹುಡುಗನ ಪಗಾರ, ಮೇಲೆ ಎರಡು ತಿಂಗಳದ್ದು. ತಕ್ಕಡಿ, ಬರಣಿ, ಕಪಾಟುಗಳನ್ನು ಹೊಸದಾಗಿ ಅಂಗಡಿ ಇಡುವವರೊಬ್ಬರು ಒಯ್ದರು.

ಕಷ್ಟವಾದದ್ದು ಉದ್ರಿ ಪುಸ್ತಕ. "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು ತೂಗುತ್ತಿದ್ದ ಅಂಗಡಿಯಲ್ಲೇ ಆ ಪುಸ್ತಕ ದಪ್ಪವಾಗಿ ಬೆಳೆದಿತ್ತು. ಗಂಡಹೆಂಡತಿ ಕೂತು ಹೆಸರುಗಳನ್ನು ಬೇರೆಬೇರೆ ಮಾಡಿದರು. ತಿಂಗಳ ಪಗಾರಕ್ಕೆ ಕೊಡುವವರ ಮನೆಗೆ ಚೀಟಿ ಹೋಯಿತು, ಬಹಳಷ್ಟು ಬಂತು. ಕೊಡುವ ಮನಸ್ಸಿದ್ದೂ ಕೈಯಲ್ಲಿ ಇಲ್ಲದವರಿಗೆ ಆದಷ್ಟು ಕೊಡಿ ಎಂದರು. ಊರು ಬಿಟ್ಟವರು, ತೀರಿಹೋದವರು, ಬಹಳ ಹಳೆಯ ಬಾಕಿಯವರು ಉಳಿದರು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಗಡುವು ಮಾತಾಡದೆ ಉದ್ರಿ ಕೊಟ್ಟ ಸಾಮಾನಿನ ಹಣಕ್ಕೆ ಸಾಮಾನು ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಬಾಕಿ ಇದೆ ಎಂದು ಆ ಅವಧಿಯೊಳಗೆ ಬಾಕಿದಾರರು ಬರೆದು ಸಹಿ ಮಾಡಿಕೊಟ್ಟಿದ್ದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಕಿರಾಣಿ ಉದ್ರಿಗೆ ಯಾರು ಸಹಿ ಕೇಳುತ್ತಾರೆ? ಅಂಥ ಹೆಸರುಗಳ ಮೇಲೆ ಆ ತಾಯಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. "ಬಿಟ್ಟೀವಿ ಅಂತ ಬರೀರಿ, ಮುಳುಗಿತು ಅಂತ ಬರೀಬ್ಯಾಡ್ರಿ" ಎಂದು ಗಂಡನಿಗೆ ಹೇಳಿದರು.

ಆ ಮಾತು ಕೇಳಿದ ಮೇಲೆ ಬರಹ ತಾನೇ ದಾರಿ ಹಿಡಿಯಿತು. ಉತ್ತರ ಕರ್ನಾಟಕದ ವ್ಯಾಪಾರಿಗಳು ದೀಪಾವಳಿಯಲ್ಲಿ ಲಕ್ಷ್ಮೀಪೂಜೆ ಮಾಡಿ, ಪಾಡ್ಯಕ್ಕೆ ಹೊಸ ಖಾತೆ ಪುಸ್ತಕ ತೆಗೆಯುತ್ತಾರೆ. ಅದನ್ನೇ ಹಿಡಿದು ನಾನು ಬರೆದದ್ದನ್ನು ಅವರು ತಮ್ಮ ಮಾತಿಗೆ ತಿದ್ದಿಕೊಂಡರು. ಬೋರ್ಡಿನ ಮೇಲೆ ಕೊನೆಗೆ ಬಂದದ್ದು ಇದು:

"28 ವರ್ಷ ನಿಮ್ಮ ಮನಿಗೆ ಸಾಮಾನು ಕೊಟ್ಟೀವಿ. ನೀವು ನಮ್ಮ ಮನಿ ನಡೆಸೀರಿ. ಈ ದೀಪಾವಳಿ ಪಾಡ್ಯಕ್ಕ ಹೊಸ ಖಾತಿ ತೆಗೆಯಂಗಿಲ್ಲ, ಅಂಗಡಿ ನಿಲ್ಲಸ್ತೀವಿ. ಕೊಡೋದು ಎಲ್ಲಾರಿಗೂ ಕೊಟ್ಟೀವಿ. ಋಣ ಉಳದೈತಿ."

ನಾನು ಬರೆದಿದ್ದ ಕರಡಿನಲ್ಲಿ ಧನ್ಯವಾದವೂ ಇತ್ತು. ಅವರು ಹೊಡೆದುಹಾಕಿದರು. ಋಣ ಅಂದ ಮೇಲೆ ಧನ್ಯವಾದ ಯಾಕೆ, ಧನ್ಯವಾದ ಹೇಳಿದರೆ ಋಣ ತೀರಿತು ಎಂದ ಹಾಗಾಗುತ್ತದೆ ಎಂಬುದು ಅವರ ವಾದ. ನನಗೆ ಒಪ್ಪಿಗೆಯಾಯಿತು. ಹೆಸರು ಹಿಡಿದು ನೆನೆಯುವ ಪಟ್ಟಿಯೂ ಬೇಡವೆಂದರು. ಒಬ್ಬರ ಹೆಸರು ಬಿಟ್ಟುಹೋದರೂ ಇಷ್ಟು ವರ್ಷದ ಬಳಕೆಗೆ ಕೊನೆಯ ದಿನ ಕುಂದು ಬರುತ್ತದೆ. "ಕೊಡೋದು ಎಲ್ಲಾರಿಗೂ ಕೊಟ್ಟೀವಿ" ಎಂಬ ಮಾತನ್ನು ಬರೆಯಬೇಕೋ ಬೇಡವೋ ಎಂದು ಮಾತ್ರ ಬಹಳ ಹೊತ್ತು ಚರ್ಚೆಯಾಯಿತು. ಹೆಚ್ಚುಗಾರಿಕೆ ಆಗುತ್ತದೇನೋ ಎಂದು ಅವರಿಗೆ ಅಳುಕು. ಇರಲೇಬೇಕು ಎಂದು ನಾನು ಹಟ ಹಿಡಿದೆ. ಆ ಮಾತಿಲ್ಲದಿದ್ದರೆ ಋಣವೆಂಬುದು ಬರೀ ವಿನಯವಾಗುತ್ತದೆ. ಬಾಕಿಯೆಲ್ಲ ತೀರಿಸಿದವರು ಹೇಳಿದಾಗಲೇ ಋಣಕ್ಕೆ ಅದರ ತೂಕ ಬರುವುದು.

ಬೋರ್ಡು ಹಾಕಿದ ಮೇಲೆ ಒಂದು ತಮಾಷೆಯಾಯಿತು. ಹಿಂದಿನ ಓಣಿಯ ಹಿರಿಯರೊಬ್ಬರು ಅದನ್ನು ನಿಂತು ಓದಿ, "ಋಣ ಉಳದೈತಿ" ಎಂಬುದು ತಮ್ಮನ್ನೇ ಕುರಿತದ್ದೆಂದು ತಿಳಿದು, ಮನೆಗೆ ಹೋಗಿ ಹಳೆಯ ಉದ್ರಿಯ ಆರುನೂರು ನಲವತ್ತು ರೂಪಾಯಿ ತಂದು ಗಲ್ಲಾದ ಮೇಲಿಟ್ಟರು. "ಅಜ್ಜಾರ, ಅದು ನಿಮ್ಮ ಋಣ ಅಲ್ರಿ, ನಮ್ಮದು" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹಣ ಎಣಿಸಿಕೊಂಡು ಪುಸ್ತಕ ತೆಗೆದು ನೋಡಿದರೆ ಆ ಹೆಸರಿನ ಮೇಲೆ ಕೆಂಪು ಗೆರೆ ಆಗಲೇ ಬಿದ್ದಿತ್ತು. ಗೆರೆಯ ಪಕ್ಕದಲ್ಲಿ ಜಮಾ ಎಂದು ಬರೆದು, ಮರುದಿನ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಸೇರಿಸಿದರು: "ಇದು ಉದ್ರಿ ಕೇಳಾಕ ಬರದದ್ದಲ್ಲ." ಅದನ್ನು ಓದಿಯೂ ಇಬ್ಬರು ದುಡ್ಡು ತಂದರಂತೆ.