ನಿಧಿ ಸಿಕ್ಕಿದೆ ಎಂಬ ಕರೆ: ಅಗ್ಗದ ಚಿನ್ನದ ನಾಣ್ಯದ ಮೋಸ ತಿಳಿಯುವುದು ಹೇಗೆ



ಮನೆಯ ಪಾಯ ತೋಡುವಾಗ ಚಿನ್ನದ ನಾಣ್ಯಗಳ ಗಡಿಗೆ ಸಿಕ್ಕಿದೆ, ಕಡಿಮೆ ಬೆಲೆಗೆ ಕೊಡುತ್ತೇವೆ ಎಂದು ನಂಬಿಸಿ ಹಿತ್ತಾಳೆ ಬಿಲ್ಲೆ ಮಾರುವ ಮೋಸ ಹೊಸದಲ್ಲ. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳ ಪೊಲೀಸ್ ಠಾಣೆಗಳಲ್ಲಿ ಇಂಥ ಪ್ರಕರಣಗಳು ಮತ್ತೆ ಮತ್ತೆ ದಾಖಲಾಗಿವೆ. ಹಣ ಕಳೆದುಕೊಂಡವರಲ್ಲಿ ತಮಿಳುನಾಡು, ಆಂಧ್ರ, ಕೇರಳದಿಂದ ಹೋದವರೂ ಇದ್ದಾರೆ. ಗಡಿಯಾಚೆ ಇರುವ ನಮ್ಮಂಥವರಿಗೆ ಅಪಾಯ ಸ್ವಲ್ಪ ಹೆಚ್ಚೇ. ಕರೆ ಮಾಡಿದವನು ಕನ್ನಡದಲ್ಲಿ ಮಾತಾಡಿದ ಕೂಡಲೇ ನಮ್ಮವನೇ ಎನಿಸಿಬಿಡುತ್ತದೆ.

ನಡೆದ ಒಂದು ಪ್ರಸಂಗ

ಹೊಸೂರು ಕಡೆಯ ನಮ್ಮ ಸದಸ್ಯರೊಬ್ಬರು ತಮ್ಮ ಅನುಭವವನ್ನು, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ, ನಮಗೆ ಹೇಳಿದ್ದಾರೆ. ಅವರದು ದಿನಸಿ ಅಂಗಡಿ. ಒಂದು ದಿನ ಫೋನ್ ಬಂತು. "ಅಣ್ಣಾ, ಹೋದ ವರ್ಷ ನಿಮ್ಮ ಅಂಗಡಿಗೆ ಬಂದಿದ್ದೆ, ನೆನಪಿಲ್ಲವೇ? ನಿಮ್ಮಂಥ ಒಳ್ಳೆಯವರು ಬೇರೆ ಯಾರೂ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ" ಎಂದು ಶುರುವಾಯಿತು. ತಾನು ಕೂಲಿಯವನು, ಹಳೇ ಮನೆಯ ಪಾಯ ತೋಡುವಾಗ ಅರ್ಧ ಕೆ.ಜಿ. ನಾಣ್ಯ ಸಿಕ್ಕಿದೆ, ಊರಿನಲ್ಲಿ ಮಾರಿದರೆ ಕಿತ್ತುಕೊಳ್ಳುತ್ತಾರೆ ಎಂಬುದು ಅವನ ಕಥೆ.

ಮೊದಲ ಭೇಟಿ ಬಸ್ ನಿಲ್ದಾಣದಲ್ಲಿ. ಅಲ್ಲಿ ಹಣ ಕೇಳಲೇ ಇಲ್ಲ. ಎರಡು ಪುಟ್ಟ ನಾಣ್ಯ ಕೈಗಿಟ್ಟು, "ನಿಮ್ಮೂರಲ್ಲೇ ಪರೀಕ್ಷೆ ಮಾಡಿಸಿ ನೋಡಿ" ಎಂದು ಕಳಿಸಿದ. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ, ಶುದ್ಧ ಚಿನ್ನವೇ ಎಂದರು. ಆಮೇಲೆ ದಿನಕ್ಕೆರಡು ಕರೆ. ಬೇರೆಯವರು ಕೇಳುತ್ತಿದ್ದಾರೆ, ಬೇಗ ಬನ್ನಿ ಎಂಬ ಅವಸರ. ಕೊನೆಗೆ ಐದು ಲಕ್ಷಕ್ಕೆ ಮಾತಾಯಿತು.

ಎರಡನೇ ಭೇಟಿ ಸಂಜೆ, ಮೆಕ್ಕೆಜೋಳದ ಹೊಲದ ಪಕ್ಕ. ಹೊಲಿದ ಬಟ್ಟೆಯ ಚೀಲ ಕೊಟ್ಟು ಹಣ ಎಣಿಸುತ್ತಿರುವಾಗಲೇ ಯಾರೋ "ಪೊಲೀಸ್ ಬಂದರು" ಎಂದು ಕೂಗಿದರು. ಎಲ್ಲರೂ ಓಡಿದರು. ನಮ್ಮವರೂ ಓಡಿದರು. ಲಾಡ್ಜಿನಲ್ಲಿ ಚೀಲ ಬಿಚ್ಚಿದಾಗ ಇದ್ದದ್ದು ಹಿತ್ತಾಳೆ.

ಪರೀಕ್ಷೆ ಮಾಡಿಸಿಯೂ ಮೋಸ ಹೋದದ್ದೇಕೆ?

ಅಕ್ಕಸಾಲಿಗರು ಹೇಳಿದ್ದು ಸುಳ್ಳಲ್ಲ. ಅವರು ನೋಡಿದ ನಾಣ್ಯ ಬೇರೆ, ಮಾರಿದ ನಾಣ್ಯ ಬೇರೆ. ಆ ಎರಡು ನಾಣ್ಯ ಮೋಸಗಾರರ ಬಂಡವಾಳ. ಕೆಲವು ಸಾವಿರ ಬಿಟ್ಟು ಲಕ್ಷಗಳನ್ನು ಎತ್ತುತ್ತಾರೆ. ಮಾದರಿ ಎಷ್ಟು ಅಪ್ಪಟವಾಗಿದ್ದರೂ ಚೀಲದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಲೋಹ ಗುರುತಿಸಲು ಆಯಸ್ಕಾಂತ ಪ್ರಯೋಜನವಿಲ್ಲ. ಚಿನ್ನವೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಮೇಲೆ ಚಿನ್ನದ ನೀರು ಕೊಟ್ಟಿದ್ದರೆ ಹಗುರಾಗಿ ಉಜ್ಜಿದ ಒರೆಯೂ ತಪ್ಪು ಹೇಳಬಹುದು. ತೂಕ ಮಾತ್ರ ಮುಚ್ಚಿಡಲು ಕಷ್ಟ. ಒಂದೇ ಗಾತ್ರದಲ್ಲಿ ಚಿನ್ನ ಹಿತ್ತಾಳೆಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ವಿಜಯನಗರ ಕಾಲದ ಒಂದು ವರಹ ಸುಮಾರು 3.4 ಗ್ರಾಂ ತೂಗುತ್ತದೆ. ಅದೇ ಗಾತ್ರದ ಹಿತ್ತಾಳೆ ಬಿಲ್ಲೆ ಒಂದೂವರೆ ಗ್ರಾಂ ಆಸುಪಾಸು. ಆದರೆ ಕತ್ತಲಾಗುವ ಹೊತ್ತಿನಲ್ಲಿ, ಹೊಲದ ಬದುವಿನ ಮೇಲೆ, ತಕ್ಕಡಿ ಹಿಡಿದು ಕೂರಲು ಯಾರೂ ಬಿಡುವುದಿಲ್ಲ. ಜಾಗವನ್ನೂ ಹೊತ್ತನ್ನೂ ಅವರೇ ಗೊತ್ತುಮಾಡುವುದು ಅದಕ್ಕಾಗಿಯೇ.

ನಿಜವಾದ ನಿಧಿಯಾಗಿದ್ದರೆ?

ಆಗಲೂ ಕೊಳ್ಳುವಂತಿಲ್ಲ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ, ಭೂಮಿಯಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಸೊತ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಕರ್ನಾಟಕ, ಕೇರಳಗಳಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆಗಳಿವೆ. ಆದ್ದರಿಂದ ಕಥೆ ಸುಳ್ಳಾದರೆ ಹಣ ಹೋಗುತ್ತದೆ, ನಿಜವಾದರೆ ಕಾನೂನಿನ ತೊಡಕು ಬರುತ್ತದೆ. ಲಾಭದ ದಾರಿ ಎರಡರಲ್ಲೂ ಇಲ್ಲ.

ಮೋಸ ಹೋದವರು ಏನು ಮಾಡಬೇಕು?

ನಮ್ಮ ಸದಸ್ಯರು ನಾಲ್ಕು ತಿಂಗಳು ಮನೆಯವರಿಗೂ ಹೇಳಲಿಲ್ಲ. ನಿಧಿ ಕೊಂಡೆನೆಂದರೆ ತನ್ನನ್ನೇ ಹಿಡಿಯುತ್ತಾರೆಂಬ ಹೆದರಿಕೆ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಮೋಸಗಾರರು ನೆಚ್ಚಿಕೊಂಡಿರುವುದು ಇವೆರಡನ್ನೇ. ಆದರೆ ಇಲ್ಲಿ ನಿಧಿ ಎಂಬುದೇ ಇರಲಿಲ್ಲ, ನಡೆದದ್ದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಡಿ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ.

ಘಟನೆ ಕರ್ನಾಟಕದಲ್ಲಿ ನಡೆದಿದ್ದರೂ ದೂರನ್ನು ತಮ್ಮೂರ ಠಾಣೆಯಲ್ಲೇ ಕೊಡಬಹುದು. ಅಲ್ಲಿ ಶೂನ್ಯ ಸಂಖ್ಯೆಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಫೋನಿನ ಕರೆಗಳ ಪಟ್ಟಿ ಅಳಿಸಬೇಡಿ. ನಾಣ್ಯ, ಚೀಲ, ಬಸ್ ಟಿಕೆಟ್, ಲಾಡ್ಜಿನ ರಸೀದಿ, ಬ್ಯಾಂಕಿನಿಂದ ಹಣ ತೆಗೆದ ದಾಖಲೆ ಎಲ್ಲವನ್ನೂ ಹಾಗೇ ಇಟ್ಟುಕೊಂಡು ಹೋಗಿ. ಹಣ ವಾಪಸು ಕೊಡುತ್ತೇವೆಂದು ಮತ್ತೆ ಕರೆದರೆ ಒಬ್ಬರೇ ಹೋಗಬೇಡಿ. ಇಂಥ ಕಡೆ ಹಲ್ಲೆ, ದರೋಡೆಗಳೂ ನಡೆದಿವೆ.

ದೂರು ಬರೆಯಲು ಸಹಾಯ ಬೇಕಾದವರು ಸಂಘದ ಕಚೇರಿಗೆ ಬರಬಹುದು. ಕನ್ನಡದಲ್ಲಿ ಹೇಳಿದರೆ ಆಯಾ ರಾಜ್ಯದ ಭಾಷೆಯಲ್ಲಿ ಬರೆದುಕೊಡುತ್ತೇವೆ. ಹೆಸರು ಹೊರಗೆ ಹೋಗುವುದಿಲ್ಲ.

— ಕಾರ್ಯದರ್ಶಿ