ಗೀಜಾ ಪಿರಮಿಡ್ಡಿನ ಅಕ್ಷಾಂಶ ಹಾಕಿದರೆ ಮರಳುಗಾಡು ತೋರಿಸುವುದೇಕೆ? ಡಿಗ್ರಿ, ನಿಮಿಷ, ಸೆಕೆಂಡ್‌ಗಳನ್ನು ಮ್ಯಾಪ್‌ಗೆ ಹಾಕುವ ಸರಿಯಾದ ಕ್ರಮ

"ಈಜಿಪ್ಟಿನ ಮಹಾ ಪಿರಮಿಡ್ ಇರುವ ಅಕ್ಷಾಂಶ 29.9792458. ಬೆಳಕಿನ ವೇಗ ಸೆಕೆಂಡಿಗೆ 299792458 ಮೀಟರ್. ಇದು ಕಾಕತಾಳೀಯವೇ?" ಈ ಸಂದೇಶ ವರ್ಷಗಳಿಂದ ಬೇರೆ ಬೇರೆ ಭಾಷೆಗಳಲ್ಲಿ ಸುತ್ತುತ್ತಿದೆ. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೂ ಬಂತು. ಚಿಕ್ಕಪ್ಪ ಸುಮ್ಮನೆ ನಂಬುವವರಲ್ಲ. ಪಿರಮಿಡ್ಡಿನ ಸ್ಥಾನ ಎಷ್ಟು ಎಂದು ಬೇರೆ ಕಡೆ ಹುಡುಕಿದರು. ಅಲ್ಲಿ ಸಿಕ್ಕಿದ್ದು ಹೀಗಿತ್ತು: 29°58′45″N 31°08′03″E. ಅದನ್ನು ಮ್ಯಾಪ್‌ನ ಸರ್ಚ್ ಬಾಕ್ಸ್‌ಗೆ ಹಾಕಿ ನೋಡಿ ನನಗೆ ಫೋನ್ ಮಾಡಿದರು. "ಅಲ್ಲಮ್ಮಾ, ಇಲ್ಲಿ ಪಿರಮಿಡ್ಡೂ ಇಲ್ಲ, ಏನೂ ಇಲ್ಲ. ಬರೀ ಮರಳು. ಆ ಮೆಸೇಜು ಪೂರ್ತಿ ಸುಳ್ಳೇ ಇರಬೇಕು."

ಅವರು ಟೈಪ್ ಮಾಡಿದ್ದು 29.5845, 31.0803. ಡಿಗ್ರಿ ಚಿಹ್ನೆಯ ಜಾಗದಲ್ಲಿ ಚುಕ್ಕಿ ಇಟ್ಟು, ಉಳಿದ ಅಂಕಿಗಳನ್ನು ಹಾಗೇ ಸೇರಿಸಿದ್ದರು. ಆ ಜಾಗ ನಿಜವಾದ ಪಿರಮಿಡ್ಡಿನಿಂದ ಸುಮಾರು 44 ಕಿಲೋಮೀಟರ್ ದಕ್ಷಿಣಕ್ಕಿದೆ. ಸಂದೇಶವನ್ನು ಅನುಮಾನಿಸಿದ್ದು ಸರಿ. ಆದರೆ ಪರೀಕ್ಷೆಯೇ ತಪ್ಪಾಗಿತ್ತು.

ನಿಮಿಷ ಎಂದರೆ ನೂರರಲ್ಲಿ ಅಲ್ಲ, ಅರವತ್ತರಲ್ಲಿ

ಒಂದು ಡಿಗ್ರಿಯಲ್ಲಿ 60 ನಿಮಿಷ, ಒಂದು ನಿಮಿಷದಲ್ಲಿ 60 ಸೆಕೆಂಡ್. ಇವು ಸಮಯದ ಅಳತೆಯಲ್ಲ, ಕೋನದ ಅಳತೆ. ಆದರೆ ಭಾಗ ಮಾಡುವ ರೀತಿ ಗಡಿಯಾರದ್ದೇ. ಎರಡೂವರೆ ಗಂಟೆಯನ್ನು ಗಡಿಯಾರದ ಲೆಕ್ಕದಲ್ಲಿ 2:30 ಎಂದು ಬರೆಯುತ್ತೇವೆ, ದಶಮಾಂಶದಲ್ಲಿ 2.5 ಎಂದು ಬರೆಯುತ್ತೇವೆ. 2:30 ಅನ್ನು ಯಾರೂ 2.30 ಗಂಟೆ ಎಂದು ಲೆಕ್ಕಕ್ಕೆ ಹಾಕಿ ಕೂಲಿ ಕೊಡುವುದಿಲ್ಲ. ಚಿಕ್ಕಪ್ಪ ಅಕ್ಷಾಂಶಕ್ಕೆ ಮಾಡಿದ್ದು ಅದನ್ನೇ. 58 ನಿಮಿಷ ಎಂದರೆ ಹೆಚ್ಚೂಕಮ್ಮಿ ಪೂರ್ತಿ ಒಂದು ಡಿಗ್ರಿ, ಅಂದರೆ 0.97ರ ಹತ್ತಿರ. ಅದನ್ನು .58 ಎಂದು ಬರೆದ ಕೂಡಲೇ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಹೋಯಿತು.

ಸರಿಯಾದ ಲೆಕ್ಕ ಸುಲಭ. ನಿಮಿಷವನ್ನು 60ರಿಂದ ಭಾಗಿಸಿ, ಸೆಕೆಂಡನ್ನು 3600ರಿಂದ ಭಾಗಿಸಿ (60 ಗುಣಿಸು 60), ಎರಡನ್ನೂ ಡಿಗ್ರಿಗೆ ಕೂಡಿಸಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಒಂದೇ ಸಾಲಿನಲ್ಲಿ ಹೀಗೆ ಹಾಕಬಹುದು:

```
29 + 58/60 + 45/3600 = 29.979167
31 + 8/60 + 3/3600 = 31.134167
```

ಫೋನಿನ ಕ್ಯಾಲ್ಕುಲೇಟರ್ ಭಾಗಾಕಾರವನ್ನು ಮೊದಲು ಮಾಡಿ, ಆಮೇಲೆ ಕೂಡುತ್ತದೆ. ಅಂಗಡಿಯ ಮೇಜಿನ ಮೇಲಿರುವ ಸಾದಾ ಕ್ಯಾಲ್ಕುಲೇಟರ್‌ಗಳು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತಾ ಹೋಗುತ್ತವೆ. ಅದರಲ್ಲಿ ಇದೇ ಸಾಲು ಒತ್ತಿದರೆ 0.0129 ಎಂಬಂಥ ಉತ್ತರ ಬರುತ್ತದೆ. ಹಾಗೇನಾದರೂ ಬಂದರೆ ಭಾಗಾಕಾರಗಳನ್ನು ಬೇರೆ ಬೇರೆ ಮಾಡಿ, ಉತ್ತರಗಳನ್ನು ಕಾಗದದ ಮೇಲೆ ಬರೆದುಕೊಂಡು ಕೊನೆಗೆ ಕೂಡಿಸಿ.

ಈಗ ಸರ್ಚ್ ಬಾಕ್ಸ್‌ನಲ್ಲಿ ಟೈಪ್ ಮಾಡಬೇಕಾದ್ದು ಇಷ್ಟೇ:

```
29.979167, 31.134167
```

ಪಿನ್ ಸೀದಾ ಮಹಾ ಪಿರಮಿಡ್ಡಿನ ಮೇಲೆ ಬೀಳುತ್ತದೆ.

"ಚಿಹ್ನೆಗಳ ಸಮೇತ ಹಾಗೇ ಪೇಸ್ಟ್ ಮಾಡಿದರೆ ಆಗದೇ?" ಎಂದು ನೀವು ಕೇಳಬಹುದು. ಆಗುತ್ತದೆ. ಗೂಗಲ್ ಮ್ಯಾಪ್ಸ್ ಡಿಗ್ರಿ, ನಿಮಿಷ, ಸೆಕೆಂಡ್‌ಗಳ ಬರವಣಿಗೆಯನ್ನೂ ಒಪ್ಪಿಕೊಳ್ಳುತ್ತದೆ. ತೊಂದರೆ ಬರುವುದು ಚಿಹ್ನೆಗಳು ಕಳೆದುಹೋದಾಗ. ಫೋಟೋದಿಂದ ಅಥವಾ ಮುದ್ರಿತ ಕಾಗದದಿಂದ ನೋಡಿ ಟೈಪ್ ಮಾಡುವವರಿಗೆ ಕೀಬೋರ್ಡ್‌ನಲ್ಲಿ ° ಎಲ್ಲಿದೆ ಎಂದು ಸಿಗುವುದಿಲ್ಲ. ಹಾಗೆ ಸಿಗದೇ ಹೋದಾಗಲೇ ಚುಕ್ಕಿ ಬಂದು ಕೂರುವುದು.

ಮರಳು ಕಂಡರೆ ಪುಣ್ಯ

ಚಿಕ್ಕಪ್ಪನಿಗೆ ಬರೀ ಮರಳು ಕಂಡಿದ್ದರಿಂದ ಏನೋ ಎಡವಟ್ಟಾಗಿದೆ ಎಂದಾದರೂ ಗೊತ್ತಾಯಿತು. ನಮ್ಮ ಊರುಗಳಲ್ಲಿ ಇದೇ ತಪ್ಪು ಗೊತ್ತೇ ಆಗದಂತೆ ನಡೆದುಹೋಗುತ್ತದೆ. ವಿಧಾನಸೌಧವನ್ನು ತೆಗೆದುಕೊಳ್ಳಿ: 12°58′47″N 77°35′26″E. ಸರಿಯಾಗಿ ಬದಲಾಯಿಸಿದರೆ 12.9797, 77.5906. ಚುಕ್ಕಿ ಇಟ್ಟು ಬರೆದರೆ 12.5847, 77.3526. ಈ ಎರಡನೆಯದು ಕನಕಪುರದ ಆಸುಪಾಸು, ವಿಧಾನಸೌಧದಿಂದ ನೇರ ದೂರ ಸುಮಾರು 50 ಕಿಲೋಮೀಟರ್. ಅಲ್ಲಿ ರಸ್ತೆಯಿದೆ, ಹೊಲವಿದೆ, ಮನೆಗಳಿವೆ. ನಾವು ಕಳಿಸಿದ್ದು ವಿಧಾನಸೌಧವಾದ್ದರಿಂದ ನೋಡಿದವರು ನಗುತ್ತಾರೆ. ಅದೇ ಚಾರಣಕ್ಕೆ ಹೋದವರು ಕಾಲು ಮುರಿದುಕೊಂಡು ಕುಳಿತ ಜಾಗವಾಗಿದ್ದರೆ, ಹುಡುಕಲು ಹೊರಟವರು ಅನುಮಾನವೇ ಇಲ್ಲದೆ ಬೇರೆ ತಾಲ್ಲೂಕಿಗೆ ಹೋಗಿರುತ್ತಾರೆ.

ಈ ತಪ್ಪಿಗೆ ಒಂದು ಗುರುತಿದೆ. ನಿಮಿಷವನ್ನು ನೂರರಲ್ಲಿ ಬರೆದಾಗ ಬೆಲೆ ಯಾವಾಗಲೂ ಕಡಿಮೆಯಾಗುತ್ತದೆ, ಎಂದೂ ಹೆಚ್ಚಾಗುವುದಿಲ್ಲ. ಹಾಗಾಗಿ ಭಾರತದಲ್ಲಿ ತಪ್ಪು ಪಿನ್ ಬೀಳುವುದು ಸರಿಯಾದ ಜಾಗದ ನೈಋತ್ಯಕ್ಕೆ, ಅಂದರೆ ದಕ್ಷಿಣ ಮತ್ತು ಪಶ್ಚಿಮದ ಕಡೆಗೆ. ನಿಮಿಷಗಳು 5, 6ರಷ್ಟು ಸಣ್ಣದಿದ್ದರೆ ಕೆಲವೇ ಕಿಲೋಮೀಟರ್ ವ್ಯತ್ಯಾಸ, 59ರ ಹತ್ತಿರ ಇದ್ದರೆ ಒಂದೊಂದು ದಿಕ್ಕಿಗೂ ಸುಮಾರು ನಲವತ್ತು ಕಿಲೋಮೀಟರ್ ಆಗುತ್ತದೆ. ಇನ್ನೂ ಸುಲಭದ ಪರೀಕ್ಷೆ ಬೇಕಿದ್ದರೆ ನೀವು ಬರೆದ ದಶಮಾಂಶ ನೋಡಿ. ಚುಕ್ಕಿಯ ನಂತರದ ಎರಡು ಅಂಕಿಗಳು ಮೂಲದ ನಿಮಿಷಗಳೇ ಆಗಿದ್ದರೆ ಲೆಕ್ಕ ಮಾಡಿಲ್ಲ, ನಕಲು ಮಾಡಿದ್ದೀರಿ. (ನಿಮಿಷ ಸೊನ್ನೆ ಅಥವಾ ಒಂದು ಇದ್ದಾಗ ಮಾತ್ರ ಇದನ್ನು ನಂಬುವಂತಿಲ್ಲ.)

ಪಿನ್ ಬಿದ್ದ ಮೇಲೂ ಒಮ್ಮೆ ನೋಡಿಕೊಳ್ಳಬಹುದು. ದಶಮಾಂಶ ಟೈಪ್ ಮಾಡಿದರೆ ಗೂಗಲ್ ಮ್ಯಾಪ್ಸ್ ಆ ಜಾಗದ ಡಿಗ್ರಿ, ನಿಮಿಷ, ಸೆಕೆಂಡ್ ರೂಪವನ್ನೂ ತೋರಿಸುವುದುಂಟು. ಅದು ನಿಮ್ಮ ಕೈಯಲ್ಲಿರುವ ಮೂಲದ ಜೊತೆ ಹೊಂದಬೇಕು.

ಯಾವುದು ಮೊದಲು, ಯಾವುದಕ್ಕೆ ಮೈನಸ್

ಸರ್ಚ್ ಬಾಕ್ಸ್‌ನಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ, ನಡುವೆ ಅಲ್ಪವಿರಾಮ. ಅದಲುಬದಲಾದರೆ ಪಿರಮಿಡ್ಡಿನ ಪಿನ್ 31.134, 29.979ಕ್ಕೆ, ಅಂದರೆ ಅಲೆಕ್ಸಾಂಡ್ರಿಯಾ ನಗರದ ಹತ್ತಿರಕ್ಕೆ ಹೋಗುತ್ತದೆ. ಅದೂ ಈಜಿಪ್ಟೇ ಆದ್ದರಿಂದ ತಪ್ಪು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಭಾರತದ ಜಾಗಗಳಲ್ಲಿ ಈ ಭಯ ಕಡಿಮೆ. ನಮ್ಮ ಅಕ್ಷಾಂಶಗಳೆಲ್ಲ 38ರ ಒಳಗೆ, ರೇಖಾಂಶಗಳೆಲ್ಲ 68ರ ಮೇಲೆ. ಚಿಕ್ಕ ಸಂಖ್ಯೆ ಮೊದಲು ಎಂದು ನೆನಪಿಟ್ಟರೆ ಸಾಕು.

N ಮತ್ತು E ಅಕ್ಷರಗಳನ್ನು ದಶಮಾಂಶದಲ್ಲಿ ಬಿಟ್ಟುಬಿಡಬಹುದು. S ಅಥವಾ W ಇದ್ದರೆ ಬಿಡುವಂತಿಲ್ಲ, ಅವುಗಳ ಬದಲು ಸಂಖ್ಯೆಯ ಮುಂದೆ ಮೈನಸ್ ಬರಬೇಕು. ಪೆರು ದೇಶದ ಮಾಚು ಪಿಚು 13°09′48″S 72°32′44″Wನಲ್ಲಿದೆ. ಮ್ಯಾಪ್‌ಗೆ ಹಾಕಬೇಕಾದ್ದು -13.1633, -72.5456. ಎರಡೂ ಮೈನಸ್ ಮರೆತರೆ ಆ ಬೆಟ್ಟದ ಮೇಲಿನ ಊರು ನಮ್ಮ ಮಂಗಳೂರಿನಿಂದ ಸುಮಾರು 250 ಕಿಲೋಮೀಟರ್ ದೂರದಲ್ಲಿ, ಅರಬ್ಬಿ ಸಮುದ್ರದ ಮಧ್ಯೆ ಇರುತ್ತದೆ! ಮೈನಸ್ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ -13 ಎಂದು ಹಾಕಿ ಅದಕ್ಕೆ 9/60 ಕೂಡಿಸಿದರೆ ಸಂಖ್ಯೆ ಸೊನ್ನೆಯ ಕಡೆಗೆ ಸರಿಯುತ್ತದೆ, ಉತ್ತರ -12.8367 ಬರುತ್ತದೆ, ಪಿನ್ ಸುಮಾರು 36 ಕಿಲೋಮೀಟರ್ ಉತ್ತರಕ್ಕೆ ಜಾರುತ್ತದೆ.

ಹಾಗಾದರೆ ಬೆಳಕಿನ ವೇಗದ ಕಥೆ?

ಈಗ ಚಿಕ್ಕಪ್ಪನ ಮೂಲ ಪ್ರಶ್ನೆಗೆ ಬರೋಣ. ಸಂದೇಶದಲ್ಲಿದ್ದ 29.9792458 ಅನ್ನು ಟೈಪ್ ಮಾಡಿ, ರೇಖಾಂಶ ಸರಿಯಾಗಿ ಕೊಟ್ಟರೆ ಪಿನ್ ಪಿರಮಿಡ್ಡಿನ ಮೇಲೇ ಬೀಳುತ್ತದೆ. ಅಂದರೆ ಸಂಖ್ಯೆ ಸುಳ್ಳಲ್ಲ. ಸುಳ್ಳಿರುವುದು ಅದರ ಬಾಲದಲ್ಲಿ.

ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್, ಒಂದು ಸೆಕೆಂಡ್ ಸುಮಾರು 31 ಮೀಟರ್. ದಶಮಾಂಶದಲ್ಲಿ ನಾಲ್ಕನೇ ಸ್ಥಾನ ಸುಮಾರು 11 ಮೀಟರ್, ಏಳನೇ ಸ್ಥಾನ ಹೆಚ್ಚೂಕಮ್ಮಿ ಒಂದು ಸೆಂಟಿಮೀಟರ್. ಪಿರಮಿಡ್ಡಿನ ತಳವೇ ಒಂದು ಬದಿಗೆ ಸುಮಾರು 230 ಮೀಟರ್ ಇದೆ. ಅಷ್ಟು ಅಗಲದ ಕಟ್ಟಡಕ್ಕೆ ಒಂದೇ ಅಕ್ಷಾಂಶ ಇರುವುದಿಲ್ಲ. ಸರಿಸುಮಾರು 29.9782ರಿಂದ 29.9802ರವರೆಗಿನ ಯಾವ ಸಂಖ್ಯೆ ಹಾಕಿದರೂ ಪಿನ್ ಅದರ ಮೇಲೇ ಬೀಳುತ್ತದೆ. ಅಷ್ಟರಲ್ಲಿ 29.9792458 ಕೂಡ ಒಂದು. ಕೊನೆಯ ನಾಲ್ಕು ಅಂಕಿಗಳಾದ 2458 ಪಿರಮಿಡ್ಡನ್ನು ಅಳೆದು ಬಂದದ್ದಲ್ಲ, ಬೆಳಕಿನ ವೇಗವನ್ನು ನೋಡಿ ಅಂಟಿಸಿದ್ದು. ಸೆಕೆಂಡಿನವರೆಗೆ ಮಾತ್ರ ಕೊಟ್ಟ ಅಳತೆಯಿಂದ ನಾವು 29.979167 ಎಂದು ಆರು ಸ್ಥಾನ ಬರೆದದ್ದೂ ಕ್ಯಾಲ್ಕುಲೇಟರ್‌ನ ಉದಾರತೆಯಷ್ಟೇ. ಮೂಲದಲ್ಲೇ ಅರ್ಧ ಸೆಕೆಂಡ್, ಅಂದರೆ 15 ಮೀಟರ್, ಆಚೀಚೆ ಇರಬಹುದು. 29.9792 ಎಂದು ಬರೆದಿದ್ದರೂ ಸಾಕಿತ್ತು.

ಕೊನೆಗೆ ಲೆಕ್ಕವನ್ನು ಹಿಂದಕ್ಕೆ ಮಾಡಿ ನೋಡಿ. 0.9792458 ಅನ್ನು 60ರಿಂದ ಗುಣಿಸಿದರೆ 58.754748, ಅಂದರೆ 58 ನಿಮಿಷ. ಉಳಿದ 0.754748 ಅನ್ನು ಮತ್ತೆ 60ರಿಂದ ಗುಣಿಸಿದರೆ 45.28 ಸೆಕೆಂಡ್. ಅದೇ ಜಾಗ, ಅದೇ ಕಲ್ಲು, ಈಗ 29°58′45.28″N. ಇದರಲ್ಲಿ ಬೆಳಕಿನ ವೇಗ ಎಲ್ಲೂ ಕಾಣುವುದಿಲ್ಲ. ವೇಗವನ್ನು ಮೈಲಿಯಲ್ಲಿ ಹೇಳಿದರೆ ಸೆಕೆಂಡಿಗೆ ಸುಮಾರು 1,86,282 ಆಗುತ್ತದೆ, ಆಗಲೂ ಹೋಲಿಕೆ ಇಲ್ಲ. ಪಿರಮಿಡ್ ಕಟ್ಟಿ ಸುಮಾರು 4500 ವರ್ಷಗಳಾದವು. ಮೀಟರ್ ಎಂಬ ಅಳತೆ ಫ್ರಾನ್ಸಿನಲ್ಲಿ ಹುಟ್ಟಿದ್ದು 1790ರ ದಶಕದಲ್ಲಿ. ಬೆಳಕಿನ ವೇಗವನ್ನು ನಿಖರವಾಗಿ 299792458 ಮೀಟರ್ ಎಂದು ನಿಗದಿಪಡಿಸಿ, ಅದರ ಆಧಾರದ ಮೇಲೆ ಮೀಟರನ್ನು ವ್ಯಾಖ್ಯಾನಿಸಿದ್ದು 1983ರಲ್ಲಿ.

ಇದನ್ನೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಗ್ರೂಪಿನಲ್ಲಿ ಎರಡೇ ಸಾಲು ಹಾಕಿದರು: "29.9785 ಹಾಕಿ ನೋಡಿ. ಅದೂ ಪಿರಮಿಡ್ಡೇ."