ಗ್ರಾಹಕರ ಮೊಬೈಲ್ ಪರದೆಯೊಂದೇ ಪಾವತಿಗೆ ಸಾಕ್ಷಿಯಲ್ಲ

ಧರ್ಮಪುರಿಯ ದಿನಸಿ ಅಂಗಡಿಯೊಂದರಲ್ಲಿ 480 ರೂಪಾಯಿಯ ವ್ಯಾಪಾರವಾಯಿತೆಂದು ಭಾವಿಸೋಣ. ಗ್ರಾಹಕರು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ, ಪಾವತಿ ಯಶಸ್ವಿಯಾಯಿತೆಂಬ ಪರದೆಯನ್ನು ತೋರಿಸುತ್ತಾರೆ. ಆ ಪರದೆಯನ್ನು ಮೂಡಿಸುವುದು ಅವರ ಫೋನಿನಲ್ಲಿರುವ ಆ್ಯಪ್. ನಕಲಿ ಆ್ಯಪ್ ಆಗಿದ್ದರೆ ಅಂಗಡಿಯ ಹೆಸರು, ಮೊತ್ತ, ಸಮಯ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಆದರೆ ಬ್ಯಾಂಕಿಗೆ ಯಾವ ಸೂಚನೆಯೂ ಹೋಗಿರುವುದಿಲ್ಲ.

ಆದುದರಿಂದ ಅಂಗಡಿಯವರು ತಮ್ಮ ಫೋನಿನಲ್ಲೇ ಆ್ಯಪ್ ತೆರೆದು, ಜಮಾ ಪಟ್ಟಿಯಲ್ಲಿ ಅದೇ ಮೊತ್ತವೂ ಅದೇ ಸಮಯವೂ ಇವೆಯೇ ಎಂದು ನೋಡಬೇಕು. ಸೌಂಡ್ ಬಾಕ್ಸ್ ಮೌನವಾಗಿದ್ದರೂ ಈ ಪಟ್ಟಿಯೇ ಆಧಾರ.

ಪ್ರಾಮಾಣಿಕ ಗ್ರಾಹಕರ ಹಣವೂ ಕೆಲವೊಮ್ಮೆ ಕಡಿತವಾಗಿ, ಅಂಗಡಿಗೆ ತಲುಪದೆ ಉಳಿಯುವುದುಂಟು. ಆಗ 12 ಅಂಕಿಗಳ ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಪಾವತಿ ದೃಢಪಡದಿದ್ದರೆ, ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಹಣ ಗ್ರಾಹಕರ ಖಾತೆಗೆ ತಾನಾಗಿ ಮರಳಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ವಿಧಿಸಿದೆ.